ದಾಖಲೆಯಲ್ಲಿ ಲಿಂಗ ಬದಲಾವಣೆ: ಯಾವ ಕಾಗದ ಮೊದಲು, ಯಾವುದು ಕೊನೆಗೆ

ಆಧಾರ್‌ನಲ್ಲಿ ಹೆಸರನ್ನು ಜೀವಮಾನದಲ್ಲಿ ಎರಡು ಸಲ ತಿದ್ದಿಸಬಹುದು. ಹುಟ್ಟಿದ ದಿನಾಂಕವನ್ನು ಒಂದು ಸಲ. ಲಿಂಗವನ್ನೂ ಒಂದೇ ಸಲ. ಹೆಚ್ಚಿನವರಿಗೆ ಈ ಮಿತಿ ಇರುವುದೇ ಗೊತ್ತಿಲ್ಲ, ಗೊತ್ತಾಗಬೇಕಾದ ಸಂದರ್ಭವೂ ಬರುವುದಿಲ್ಲ. ಆದರೆ ಹುಟ್ಟಿದಾಗ ಗಂಡೆಂದು ಬರೆಸಿಕೊಂಡು ಹೆಣ್ಣಾಗಿ ಬದುಕುವವರು, ಹೆಣ್ಣೆಂದು ಬರೆಸಿಕೊಂಡು ಗಂಡಾಗಿ ಬದುಕುವವರು ತಮ್ಮ ದಾಖಲೆಗಳನ್ನು ಸರಿಪಡಿಸಿಕೊಳ್ಳಲು ಹೊರಟಾಗ ಮೊದಲು ಎಡವುವುದು ಇಲ್ಲಿಯೇ.

ಅದು ನಡೆಯುವ ಬಗೆ ಹೀಗೆ. ಜಿಲ್ಲಾಧಿಕಾರಿಗಳಿಂದ 'ಟ್ರಾನ್ಸ್‌ಜೆಂಡರ್' ಎಂಬ ಗುರುತಿನ ಪ್ರಮಾಣಪತ್ರ ಕೈಗೆ ಬರುತ್ತದೆ. ಆ ಖುಷಿಯಲ್ಲಿ ಮರುದಿನವೇ ಆಧಾರ್ ಕೇಂದ್ರಕ್ಕೆ ಹೋಗಿ ಲಿಂಗದ ಕಾಲಂ ಬದಲಾಯಿಸಿಕೊಳ್ಳುತ್ತಾರೆ. ಒಂದೆರಡು ವರ್ಷದ ನಂತರ ಚಿಕಿತ್ಸೆ ಮುಗಿದು, 'ಹೆಣ್ಣು' ಎಂದು ಬರೆದ ಎರಡನೇ ಪ್ರಮಾಣಪತ್ರ ಸಿಗುತ್ತದೆ. ಅದನ್ನು ಹಿಡಿದು ಮತ್ತೆ ಆಧಾರ್ ಕೇಂದ್ರಕ್ಕೆ ಹೋದರೆ, ಇರುವ ಒಂದು ಅವಕಾಶ ಆಗಲೇ ಮುಗಿದಿದೆ ಎನ್ನುತ್ತದೆ ಕಂಪ್ಯೂಟರು. ಅಲ್ಲಿಂದ ಮುಂದಿನ ದಾರಿ ಆಧಾರ್ ಪ್ರಾಧಿಕಾರದ ಪ್ರಾದೇಶಿಕ ಕಚೇರಿಯಲ್ಲಿ ವಿಶೇಷ ಪ್ರಕರಣವೆಂದು ವಿನಂತಿ ಸಲ್ಲಿಸುವುದು. ಕರ್ನಾಟಕದವರಿಗೆ ಆ ಕಚೇರಿ ಇರುವುದು ಬೆಂಗಳೂರಿನಲ್ಲಿ. ಬೀದರಿನವರಿಗಾಗಲಿ ಕಾರವಾರದವರಿಗಾಗಲಿ ಇದು ಸಣ್ಣ ಮಾತಲ್ಲ.

ಕಾನೂನಿನಲ್ಲಿ ಏನು ಹಕ್ಕಿದೆ ಎಂಬುದು ಎಷ್ಟು ಮುಖ್ಯವೋ, ಯಾವ ದಾಖಲೆಯನ್ನು ಯಾವಾಗ ಮುಟ್ಟಬೇಕು ಎಂಬುದೂ ಅಷ್ಟೇ ಮುಖ್ಯ. ಹಕ್ಕಿನ ಬಗ್ಗೆ ಸಾಕಷ್ಟು ಬರೆದಿದ್ದಾರೆ. ಅನುಕ್ರಮದ ಬಗ್ಗೆ ಬರೆದವರು ಕಡಿಮೆ. ಕಷ್ಟ ಕೊಡುವುದು ಮಾತ್ರ ಈ ಅನುಕ್ರಮವೇ.

ಘೋಷಣೆ

ಬೇರು ಇರುವುದು 2014ರ ಏಪ್ರಿಲ್ 15ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿ. ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ ಹೂಡಿದ್ದ ಆ ಪ್ರಕರಣ 'ನಾಲ್ಸಾ ತೀರ್ಪು' ಎಂದೇ ಹೆಸರಾಯಿತು. ತನ್ನ ಲಿಂಗತ್ವ ಯಾವುದೆಂದು ಹೇಳಿಕೊಳ್ಳುವ ಹಕ್ಕು ಆಯಾ ವ್ಯಕ್ತಿಯದು, ಅದಕ್ಕೆ ಶಸ್ತ್ರಚಿಕಿತ್ಸೆಯ ಷರತ್ತು ಹಾಕುವುದು ಕಾನೂನುಬಾಹಿರ ಎಂದು ನ್ಯಾಯಮೂರ್ತಿಗಳಾದ ಕೆ.ಎಸ್. ರಾಧಾಕೃಷ್ಣನ್ ಮತ್ತು ಎ.ಕೆ. ಸಿಕ್ರಿ ಹೇಳಿದರು. ಆಮೇಲೆ ಬಂದದ್ದು ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ರಕ್ಷಣಾ ಕಾಯ್ದೆ, 2019. ಅದು 2020ರ ಜನವರಿ 10ರಿಂದ ಜಾರಿಗೆ ಬಂತು, ನಿಯಮಗಳು ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಹೊರಬಿದ್ದವು, ಅರ್ಜಿ ಹಾಕುವ ರಾಷ್ಟ್ರೀಯ ಪೋರ್ಟಲ್ ನವೆಂಬರ್‌ನಲ್ಲಿ ತೆರೆಯಿತು.

ಕಾಯ್ದೆ ಎರಡು ಮೆಟ್ಟಿಲು ಕಟ್ಟಿತು. ಕಲಂ 6ರ ಕೆಳಗೆ ಸಿಗುವುದು 'ಟ್ರಾನ್ಸ್‌ಜೆಂಡರ್' ಎಂಬ ಪ್ರಮಾಣಪತ್ರ. ಕಲಂ 7ರ ಕೆಳಗೆ ಸಿಗುವುದು 'ಗಂಡು' ಅಥವಾ 'ಹೆಣ್ಣು' ಎಂಬ ಪರಿಷ್ಕೃತ ಪ್ರಮಾಣಪತ್ರ. 2019ರ ಕಾಯ್ದೆಯಂತೆ ಮೊದಲನೆಯದಕ್ಕೆ ಘೋಷಣೆ ಸಾಕಿತ್ತು, ಎರಡನೆಯದಕ್ಕೆ ವೈದ್ಯಕೀಯ ಕಾಗದ ಬೇಕಿತ್ತು. ನಾಲ್ಸಾ ತೀರ್ಪಿನ ಆಶಯಕ್ಕೆ ಈ ಎರಡನೇ ಮೆಟ್ಟಿಲು ಹೊಂದುವುದಿಲ್ಲ ಎಂದು ಸಮುದಾಯದವರು ಮೊದಲ ದಿನದಿಂದಲೂ ಆಕ್ಷೇಪಿಸುತ್ತ ಬಂದಿದ್ದಾರೆ. ನನಗೂ ಆ ಆಕ್ಷೇಪದಲ್ಲಿ ತೂಕವಿದೆ ಅನ್ನಿಸುತ್ತದೆ. ಆದರೆ ಕಚೇರಿಯ ಕಿಟಕಿಯ ಎದುರು ನಿಂತವರು ಕಾಯ್ದೆ ಇದ್ದಂತೆಯೇ ನಡೆಯಬೇಕಾಗುತ್ತದೆ.

ಘೋಷಣೆ ಎಂದರೆ ನಿಯಮಗಳ ನಮೂನೆ 2ರಲ್ಲಿರುವ ಅಫಿಡವಿಟ್. ಅದು ಉದ್ದವೇನಿಲ್ಲ. ನನ್ನ ವಯಸ್ಸು ಇಷ್ಟು, ಇಂಥಲ್ಲಿ ವಾಸ, ಹುಟ್ಟಿದಾಗ ಗುರುತಿಸಿದ ಲಿಂಗಕ್ಕೂ ನಾನು ಕಂಡುಕೊಂಡ ಲಿಂಗತ್ವಕ್ಕೂ ಹೊಂದಿಕೆಯಿಲ್ಲ, ನಾನು ಟ್ರಾನ್ಸ್‌ಜೆಂಡರ್ ವ್ಯಕ್ತಿ ಎಂದು ಘೋಷಿಸುತ್ತೇನೆ, ಜಿಲ್ಲಾಧಿಕಾರಿಗಳಿಗೆ ಸಲ್ಲಿಸಲು ಇದನ್ನು ಬರೆದುಕೊಟ್ಟಿದ್ದೇನೆ. ಸಾರಾಂಶ ಇಷ್ಟೇ. ನೋಟರಿ ಕಚೇರಿಯ ಟೈಪಿಸ್ಟರು ತಮ್ಮ ಹಳೆಯ ಹೆಸರು ಬದಲಾವಣೆಯ ನಮೂನೆಯನ್ನೇ ತೆಗೆದು, 'ಸಂಖ್ಯಾಶಾಸ್ತ್ರದ ಕಾರಣಕ್ಕೆ ಹೆಸರು ಬದಲಿಸಿಕೊಂಡಿದ್ದೇನೆ' ಎಂಬಂಥ ಸಾಲು ಸೇರಿಸಿಬಿಡುವುದುಂಟು. ಅದು ಬೇರೆಯದೇ ಅಫಿಡವಿಟ್. ನಮೂನೆ 2ರ ಒಕ್ಕಣೆಯನ್ನು ಮುದ್ರಿಸಿಕೊಂಡು ಹೋಗಿ, ಇದ್ದದ್ದು ಇದ್ದಂತೆ ಟೈಪ್ ಮಾಡಿಸುವುದು ಕ್ಷೇಮ. ಅದರಲ್ಲಿ ಹಳೆಯ ಹೆಸರು, ಹೊಸ ಹೆಸರು ಎರಡೂ ಬರಲಿ. ನೋಟರಿ ನೋಡುವ ಗುರುತಿನ ಚೀಟಿಯಲ್ಲಿ ಇನ್ನೂ ಹಳೆಯ ಹೆಸರೇ ಇರುತ್ತದಲ್ಲ.

ಈ ಅಫಿಡವಿಟ್ ಮತ್ತು ನಮೂನೆ 1ರ ಅರ್ಜಿ ಎರಡನ್ನೂ ಪೋರ್ಟಲ್‌ಗೆ ಏರಿಸಬೇಕು. ವಿಳಾಸ transgender.dosje.gov.in. ಅರ್ಜಿದಾರರು ಆ ಜಿಲ್ಲೆಯಲ್ಲಿ ಸತತ ಹನ್ನೆರಡು ತಿಂಗಳು ವಾಸವಾಗಿರಬೇಕು ಎನ್ನುತ್ತವೆ 2020ರ ನಿಯಮಗಳು. ಹುಟ್ಟೂರು ಬಿಟ್ಟು ಬಂದವರಿಗೆ ಇದು ಅನುಕೂಲವೂ ಹೌದು, ತೊಡಕೂ ಹೌದು. ಮನೆಯವರು ಒಪ್ಪದ ಊರಿಗೆ ಮರಳಿ ಹೋಗಿ ಅರ್ಜಿ ಹಾಕಬೇಕಿಲ್ಲ ಎಂಬುದು ಅನುಕೂಲ. ಕರಾರುಪತ್ರವಿಲ್ಲದ ಬಾಡಿಗೆ ಕೋಣೆಯಲ್ಲಿ ಇರುವವರಿಗೆ ವಾಸದ ಪುರಾವೆ ಹೊಂದಿಸುವುದು ತೊಡಕು.

2020ರ ನಿಯಮಗಳ ಪ್ರಕಾರ ಜಿಲ್ಲಾಧಿಕಾರಿಗಳು ಅಫಿಡವಿಟ್ ಆಧರಿಸಿ, ಯಾವ ದೈಹಿಕ ಪರೀಕ್ಷೆಯೂ ಇಲ್ಲದೆ, 30 ದಿನದೊಳಗೆ ನಮೂನೆ 3ರಲ್ಲಿ ಪ್ರಮಾಣಪತ್ರ ಕೊಡಬೇಕಿತ್ತು, ಜೊತೆಗೆ ಗುರುತಿನ ಚೀಟಿಯನ್ನೂ. ತಿರಸ್ಕರಿಸಿದರೆ ಕಾರಣ ಹೇಳಬೇಕು. ಅದರ ಮೇಲೆ 90 ದಿನದೊಳಗೆ ಮೇಲ್ಮನವಿಗೆ ಅವಕಾಶವಿದೆ. ಗಡುವು ಮೀರುವುದು ಅಪರೂಪವೇನಲ್ಲ. ಆದರೂ ಅರ್ಜಿ ಪೋರ್ಟಲ್ ಮೂಲಕ ಹೋದರೆ ಅದಕ್ಕೊಂದು ಸಂಖ್ಯೆ ಸಿಗುತ್ತದೆ, ಎಲ್ಲಿ ನಿಂತಿದೆ ಎಂದು ನೋಡಬಹುದು. ಕೈಯಲ್ಲಿ ಕೊಟ್ಟು ಬಂದ ಅರ್ಜಿಗಿಂತ ಇದು ಎಷ್ಟೋ ವಾಸಿ.

ಕಾಯ್ದೆ ಬರುವ ಮೊದಲೇ ದಾಖಲೆಗಳಲ್ಲಿ ಲಿಂಗ ಬದಲಾಯಿಸಿಕೊಂಡವರು ಮತ್ತೆ ಈ ಪ್ರಮಾಣಪತ್ರಕ್ಕೆ ಅಲೆಯಬೇಕಿಲ್ಲ ಎಂಬ ಸಾಲೂ ನಿಯಮಗಳಲ್ಲಿದೆ. ಹತ್ತು ವರ್ಷದ ಹಿಂದೆ ಗೆಜೆಟ್ ಮಾಡಿಸಿದವರನ್ನು ಹೊಸ ಪ್ರಮಾಣಪತ್ರ ತನ್ನಿ ಎಂದು ವಾಪಸು ಕಳಿಸಿದರೆ ಆ ಸಾಲನ್ನು ತೋರಿಸಬಹುದು.

ವೈದ್ಯರ ಕಾಗದ

ಎರಡನೇ ಮೆಟ್ಟಿಲಿನಲ್ಲಿ ಕಾಯ್ದೆಯ ಮಾತು ಒಂದು, ನಿಯಮಗಳ ಮಾತು ಇನ್ನೊಂದು. 2019ರ ಕಾಯ್ದೆಯ ಕಲಂ 7 ಹೇಳಿದ್ದು ಶಸ್ತ್ರಚಿಕಿತ್ಸೆ ಎಂದು. 2020ರ ನಿಯಮಗಳು ಹೇಳಿದ್ದು ವೈದ್ಯಕೀಯ ಚಿಕಿತ್ಸೆ ಎಂದು, ಮತ್ತು ಅದರ ವ್ಯಾಖ್ಯೆಯಲ್ಲಿ ಆಪ್ತಸಮಾಲೋಚನೆ, ಹಾರ್ಮೋನ್ ಚಿಕಿತ್ಸೆ, ಶಸ್ತ್ರಚಿಕಿತ್ಸೆ ಮೂರನ್ನೂ ಸೇರಿಸಿದವು. ಈ ಒಂದು ವ್ಯಾಖ್ಯೆಯ ಮೇಲೆ ಎಷ್ಟೋ ಅರ್ಜಿಗಳ ಹಣೆಬರಹ ನಿಂತಿರುತ್ತದೆ. ನಿಯಮ ಓದಿದ ಅಧಿಕಾರಿ ಹಾರ್ಮೋನ್ ಚಿಕಿತ್ಸೆಯ ಪತ್ರವನ್ನು ಒಪ್ಪುತ್ತಾರೆ. ಕಾಯ್ದೆಯನ್ನಷ್ಟೇ ಓದಿದವರು 'ಆಪರೇಷನ್ ಆಗಿದೆಯಾ?' ಎಂದು ಕೇಳುತ್ತಾರೆ. ಹಾಗಾಗಿ ಶಸ್ತ್ರಚಿಕಿತ್ಸೆ ಆಗಿರದವರು ಅರ್ಜಿಯ ಜೊತೆ ನಿಯಮಗಳ ಆ ಪುಟವನ್ನೂ ಲಗತ್ತಿಸುವುದು ಒಳ್ಳೆಯದು.

ಪತ್ರಕ್ಕೆ ಯಾರ ಸಹಿ ಇರಬೇಕು ಎಂಬುದರಲ್ಲಿ ಮಾತ್ರ ಎರಡಕ್ಕೂ ಭಿನ್ನಾಭಿಪ್ರಾಯವಿಲ್ಲ. ಚಿಕಿತ್ಸೆ ನಡೆದ ಸಂಸ್ಥೆಯ ವೈದ್ಯಕೀಯ ಅಧೀಕ್ಷಕರು ಅಥವಾ ಮುಖ್ಯ ವೈದ್ಯಾಧಿಕಾರಿ ಸಹಿ ಹಾಕಬೇಕು. ತುಂಬ ಜನ ತರುವುದು ಶಸ್ತ್ರಚಿಕಿತ್ಸೆ ಮಾಡಿದ ಡಾಕ್ಟರ ಲೆಟರ್‌ಹೆಡ್ ಪತ್ರ ಅಥವಾ ಡಿಸ್‌ಚಾರ್ಜ್ ಸಮರಿ. ಎರಡೂ ನಿಜವಾದ ಕಾಗದಗಳೇ, ಆದರೆ ಕಲಂ 7ಕ್ಕೆ ಸಾಲುವುದಿಲ್ಲ. ಆಸ್ಪತ್ರೆಯಿಂದ ಹೊರಡುವ ಮೊದಲೇ ಅಧೀಕ್ಷಕರ ಸಹಿ, ಮೊಹರಿನ ಪತ್ರವನ್ನು ಪ್ರತ್ಯೇಕವಾಗಿ ಕೇಳಿ ಪಡೆಯಬೇಕು. ಮೂರು ವರ್ಷ ಬಿಟ್ಟು ಹೋದರೆ ಆಸ್ಪತ್ರೆಯ ಆಡಳಿತ ಬದಲಾಗಿರುತ್ತದೆ, ಕಡತ ಗೋದಾಮಿಗೆ ಹೋಗಿರುತ್ತದೆ.

ಇನ್ನೊಂದು ತೊಡಕು ಹೆಸರಿನದು. ಆಸ್ಪತ್ರೆಗೆ ಸೇರುವಾಗ ವಿಮೆಗೋ ಬಿಲ್ಲಿಗೋ ಆಧಾರ್ ಕೊಟ್ಟಿರುತ್ತೀರಿ, ಅದರಲ್ಲಿ ಹಳೆಯ ಹೆಸರು. ಹೊರಬರುವಾಗ ಪತ್ರ ಕೇಳುವುದು ಹೊಸ ಹೆಸರಿನಲ್ಲಿ. ಎರಡೂ ಒಬ್ಬರೇ ಎಂದು ಹೇಳುವ ಸಾಲು ಪತ್ರದಲ್ಲಿ ಇಲ್ಲದಿದ್ದರೆ ಜಿಲ್ಲಾಧಿಕಾರಿ ಕಚೇರಿಯ ಗುಮಾಸ್ತರಿಗೆ ಅನುಮಾನ ಬರುವುದು ಸಹಜ. ಪತ್ರದಲ್ಲಿ ಎರಡೂ ಹೆಸರು, ಆಸ್ಪತ್ರೆಯ ರೋಗಿ ಸಂಖ್ಯೆ, ಚಿಕಿತ್ಸೆಯ ದಿನಾಂಕ, ಲಿಂಗತ್ವವನ್ನು ದೃಢಪಡಿಸುವ ಚಿಕಿತ್ಸೆ ನಡೆದಿದೆ ಎಂಬ ಒಂದು ವಾಕ್ಯ, ಇಷ್ಟಿದ್ದರೆ ಸಾಕು. ಯಾವ ಅಂಗಕ್ಕೆ ಏನು ಮಾಡಿದರು ಎಂಬ ವಿವರ ಬೇಕಿಲ್ಲ, ಫೋಟೊ ಅಂತೂ ಬೇಡವೇ ಬೇಡ.

ಮನೋವೈದ್ಯರ ಪತ್ರದ ಸಂಗತಿ ಬೇರೆ. ಹಾರ್ಮೋನ್ ಅಥವಾ ಶಸ್ತ್ರಚಿಕಿತ್ಸೆ ಶುರುಮಾಡುವ ಮೊದಲು ವೈದ್ಯರು ಅದನ್ನು ಕೇಳುತ್ತಾರೆ. ಅದು ವೈದ್ಯರು ಮತ್ತು ರೋಗಿಯ ನಡುವಿನ ಕಾಗದ. ಬ್ಯಾಂಕಿಗೆ, ಆಧಾರ್ ಕೇಂದ್ರಕ್ಕೆ, ಕಂಪನಿಯ ಎಚ್‌ಆರ್ ವಿಭಾಗಕ್ಕೆ ಅದರ ಗೊಡವೆ ಇಲ್ಲ. ಜಿಲ್ಲಾಧಿಕಾರಿಗಳ ಪ್ರಮಾಣಪತ್ರ ಕೈಗೆ ಬಂದ ಮೇಲೆ ವೈದ್ಯಕೀಯ ಕಡತವನ್ನು ಮನೆಯಲ್ಲಿಟ್ಟು, ಪ್ರಮಾಣಪತ್ರವನ್ನಷ್ಟೇ ತೋರಿಸಿ. ಕೇಳಿದವರಿಗೆಲ್ಲ ಇಡೀ ಕಡತದ ಜೆರಾಕ್ಸ್ ಕೊಡುತ್ತ ಹೋದರೆ, ಆ ಪ್ರತಿಗಳು ಯಾರ ಮೇಜಿನ ಮೇಲೆ ಬಿದ್ದಿರುತ್ತವೋ ಹೇಳಲಾಗದು.

ಈ ದಾರಿಯಿಂದ ಪೂರ್ತಿ ಹೊರಗುಳಿಯುವವರೂ ಇದ್ದಾರೆ. ಸಮುದಾಯದ ಒಳಗೇ, ಆಸ್ಪತ್ರೆಯ ಹೊರಗೆ ನಿರ್ವಾಣ ಮಾಡಿಸಿಕೊಂಡ ಹಿರಿಯರ ಬಳಿ ಯಾವ ಸಂಸ್ಥೆಯ ಪತ್ರವೂ ಇರುವುದಿಲ್ಲ. ಚಿಕಿತ್ಸೆ 'ನಡೆದ ಸಂಸ್ಥೆ'ಯ ಸಹಿ ಎಂದು ಕೇಳಿದರೆ ಅವರು ಎಲ್ಲಿಂದ ತರಬೇಕು? ನಂತರ ಯಾವುದಾದರೂ ಆಸ್ಪತ್ರೆಯಲ್ಲಿ ಹಾರ್ಮೋನ್ ಚಿಕಿತ್ಸೆ ಪಡೆದಿದ್ದರೆ ಅದರ ಆಧಾರದ ಮೇಲೆ ಪತ್ರ ಕೇಳಬಹುದು. ಇಲ್ಲವಾದರೆ ಕಲಂ 6ರ ಪ್ರಮಾಣಪತ್ರದಲ್ಲೇ ಉಳಿಯಬೇಕು. ಇದು ಕಾಯ್ದೆಯ ದೊಡ್ಡ ಕೊರತೆ.

ಒಂದು ಭಯವನ್ನು ಮಾತ್ರ ಕಾಯ್ದೆ ದೂರಮಾಡಿತ್ತು. 'ಹೆಣ್ಣು' ಎಂದು ಬರೆಸಿಕೊಂಡರೆ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಿಗೆ ಇರುವ ಸೌಲಭ್ಯ ತಪ್ಪಿಹೋಗುತ್ತದೆಯೇ? 2021ರಲ್ಲಿ ಕರ್ನಾಟಕ ಸರ್ಕಾರ ತನ್ನ ನೇಮಕಾತಿಗಳಲ್ಲಿ ಶೇ 1ರ ಸಮತಲ ಮೀಸಲಾತಿ ತಂದ ಮೇಲೆ ಈ ಪ್ರಶ್ನೆಗೆ ತೂಕ ಬಂತು. ಪರಿಷ್ಕೃತ ಪ್ರಮಾಣಪತ್ರ ಪಡೆದ ಕಾರಣಕ್ಕೆ ಕಾಯ್ದೆಯಡಿಯ ಹಕ್ಕುಗಳಿಗೆ ಬಾಧೆ ಬರುವುದಿಲ್ಲ ಎಂದು ಕಲಂ 7ರಲ್ಲಿಯೇ ಬರೆದಿದೆ. ಅದಕ್ಕೇ ಎರಡನೇ ಪ್ರಮಾಣಪತ್ರ ಬಂತೆಂದು ಮೊದಲನೆಯದನ್ನು ಬಿಸಾಡಬಾರದು.

ಒಬ್ಬರ ಉದಾಹರಣೆ

ಒಬ್ಬರನ್ನು ಕಲ್ಪಿಸಿಕೊಳ್ಳೋಣ. ಹಾಸನ ಜಿಲ್ಲೆಯ ಒಂದು ಹಳ್ಳಿಯಲ್ಲಿ ಹುಟ್ಟಿದ ಟ್ರಾನ್ಸ್ ಮಹಿಳೆ. ಎಸ್‌ಎಸ್‌ಎಲ್‌ಸಿ, ಪಿಯುಸಿ ಅಲ್ಲಿಯೇ. ಈಗ ಬೆಂಗಳೂರಿನ ಖಾಸಗಿ ಕಂಪನಿಯಲ್ಲಿ ಕೆಲಸ, ಮೂರು ವರ್ಷದಿಂದ ಒಂದೇ ಬಾಡಿಗೆ ಮನೆ. ಆಧಾರ್, ಪ್ಯಾನ್, ಪಿಎಫ್, ಬ್ಯಾಂಕ್ ಖಾತೆ, ಮತದಾರರ ಚೀಟಿ ಎಲ್ಲವೂ ಹಳೆಯ ಹೆಸರಿನಲ್ಲಿ. ಹಾರ್ಮೋನ್ ಚಿಕಿತ್ಸೆ ನಡೆಯುತ್ತಿದೆ, ಶಸ್ತ್ರಚಿಕಿತ್ಸೆ ವರ್ಷದೊಳಗೆ ಆಗಬಹುದು.

ಹನ್ನೆರಡು ತಿಂಗಳ ವಾಸದ ಪುರಾವೆಗೆ ಬಾಡಿಗೆ ಕರಾರು ಇರುವುದರಿಂದ ಅವರು ಅರ್ಜಿ ಹಾಕಬೇಕಾದದ್ದು ಬೆಂಗಳೂರು ನಗರ ಜಿಲ್ಲಾಧಿಕಾರಿಗಳಿಗೆ. ಮೊದಲ ಪ್ರಮಾಣಪತ್ರ ಬರುತ್ತದೆ. ಈಗ ಅವರ ಮುಂದಿರುವ ನಿರ್ಧಾರ ಒಂದೇ: ಆಧಾರ್ ಈಗಲೇ ಬದಲಿಸಬೇಕೇ, ಪರಿಷ್ಕೃತ ಪ್ರಮಾಣಪತ್ರ ಬರುವವರೆಗೆ ತಡೆಯಬೇಕೇ? ಕೊನೆಗೆ 'ಹೆಣ್ಣು' ಎಂದೇ ದಾಖಲಾಗಬೇಕು, ಅದಕ್ಕೆ ಹೆಚ್ಚು ಕಾಲವಿಲ್ಲ ಎಂದಾದರೆ ಲಿಂಗದ ಕಾಲಂ ಅನ್ನು ಸದ್ಯ ಮುಟ್ಟದಿರುವುದು ಜಾಣತನ. ಅಷ್ಟರವರೆಗೆ ಹೆಸರು ಮತ್ತು ಫೋಟೊ ಮಾತ್ರ ಬದಲಿಸಿಕೊಳ್ಳಬಹುದು. ಹೆಸರಿಗೆ ಎರಡು ಅವಕಾಶಗಳಿವೆ, ಫೋಟೊಕ್ಕೆ ಅಂಥ ಮಿತಿಯಿಲ್ಲ. 'ಟ್ರಾನ್ಸ್‌ಜೆಂಡರ್' ಎಂಬುದೇ ತನ್ನ ಗುರುತು ಎನ್ನುವವರು ಕಾಯಬೇಕಾದ ಕಾರಣವೇ ಇಲ್ಲ, ಅವರು ಮರುದಿನವೇ ಹೋಗಬಹುದು.

ಶಸ್ತ್ರಚಿಕಿತ್ಸೆಯ ನಂತರ ಅಧೀಕ್ಷಕರ ಪತ್ರದೊಂದಿಗೆ ಕಲಂ 7ರ ಅರ್ಜಿ. ನಿಯಮಗಳ ಪ್ರಕಾರ ಪರಿಷ್ಕೃತ ಪ್ರಮಾಣಪತ್ರಕ್ಕೆ 15 ದಿನ. ಅದು ಬಂದ ಮೇಲೆ ಆಧಾರ್ ಕೇಂದ್ರಕ್ಕೆ ಖುದ್ದಾಗಿ ಹೋಗಿ ಲಿಂಗ ಬದಲಾವಣೆ. ಈ ಕಾಯ್ದೆಯಡಿ ಕೊಟ್ಟ ಪ್ರಮಾಣಪತ್ರ ಮತ್ತು ಗುರುತಿನ ಚೀಟಿ ಆಧಾರ್ ಪ್ರಾಧಿಕಾರ ಒಪ್ಪುವ ದಾಖಲೆಗಳ ಪಟ್ಟಿಯಲ್ಲಿವೆ. ಆಪರೇಟರು ಒಪ್ಪದಿದ್ದರೆ ಆ ಪಟ್ಟಿಯನ್ನೇ ತೋರಿಸಿ.

ಹೆಸರಿನ ಎರಡು ಅವಕಾಶಗಳಲ್ಲಿ ಒಂದು ಕಾಗುಣಿತದ ತಪ್ಪಿಗೇ ಹೋಗುವ ಸಂಭವ ಹೆಚ್ಚು. ಆಧಾರ್‌ನಲ್ಲಿ ಹೆಸರು ಕನ್ನಡ, ಇಂಗ್ಲಿಷ್ ಎರಡರಲ್ಲೂ ಇರುತ್ತದೆ. ಇಂಗ್ಲಿಷಿನಲ್ಲಿ ಟೈಪ್ ಮಾಡಿದ್ದನ್ನು ಕಂಪ್ಯೂಟರ್ ತನ್ನಷ್ಟಕ್ಕೆ ಕನ್ನಡಕ್ಕೆ ತರುವಾಗ 'ಲ' ಹೋಗಿ 'ಳ' ಬರುತ್ತದೆ, ದೀರ್ಘ ಹ್ರಸ್ವವಾಗುತ್ತದೆ. ಇಂಗ್ಲಿಷಿನಲ್ಲೂ ಜಿಲ್ಲಾಧಿಕಾರಿಗಳ ಪ್ರಮಾಣಪತ್ರದಲ್ಲಿ ಇದ್ದ ಅಕ್ಷರಗಳೇ ಇರಬೇಕು. ಅಲ್ಲಿ ಒಂದು 'h' ಇದ್ದು ಇಲ್ಲಿ ಇಲ್ಲವಾದರೆ ಮುಂದೆ ಪ್ಯಾನ್ ಜೋಡಣೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಆಪರೇಟರು ಸಲ್ಲಿಸುವ ಮೊದಲು ಪರದೆಯನ್ನು ನಿಮ್ಮ ಕಡೆ ತಿರುಗಿಸಲು ಹೇಳಿ, ಎರಡೂ ಲಿಪಿಯಲ್ಲಿ ಓದಿ.

ಇನಿಶಿಯಲ್‌ನ ವಿಷಯವೂ ಇಲ್ಲಿಯೇ ಬರುತ್ತದೆ. ಕಲಂ 7 ಕೊಡುವುದು ಮೊದಲ ಹೆಸರನ್ನು ಬದಲಿಸಿಕೊಳ್ಳುವ ಹಕ್ಕನ್ನು ಮಾತ್ರ. ನಮ್ಮ ಕಡೆ ಹೆಸರಿನ ಹಿಂದೆ ಮುಂದೆ ಊರಿನ ಹೆಸರು, ತಂದೆಯ ಹೆಸರು ಅಂಟಿಕೊಂಡಿರುತ್ತವೆ. ಮನೆ ಬಿಟ್ಟು ಬಂದವರು ಅದನ್ನೂ ತೆಗೆದು ಗುರುವಿನ ಹೆಸರನ್ನೋ ಇನ್ನೊಂದನ್ನೋ ಇಟ್ಟುಕೊಳ್ಳಲು ಬಯಸುವುದುಂಟು. ಅದಕ್ಕೆ ಹಳೆಯ ದಾರಿಯೇ ಗತಿ: ಹೆಸರು ಬದಲಾವಣೆಯ ಅಫಿಡವಿಟ್, ಪತ್ರಿಕೆಗಳಲ್ಲಿ ಪ್ರಕಟಣೆ, ಗೆಜೆಟ್. ಬರಿಯ ಮೊದಲ ಹೆಸರು ಬದಲಿಸುವವರನ್ನೂ ಕೆಲವು ಕಚೇರಿಗಳು ಗೆಜೆಟ್ ತನ್ನಿ ಎಂದು ಕಳಿಸುತ್ತವೆ. ಕಾಯ್ದೆಯ ಪ್ರಕಾರ ಅದು ಬೇಕಿಲ್ಲ.

ಆಧಾರ್ ಸರಿಯಾದ ಮೇಲೆ ಪ್ಯಾನ್. ಕಾರ್ಡಿನ ಮೇಲೆ ಲಿಂಗ ಮುದ್ರಣವಾಗುವುದಿಲ್ಲ, ಆದ್ದರಿಂದ ಅದನ್ನು ಯಾರೂ ಗಮನಿಸುವುದಿಲ್ಲ. ಆದರೆ ಇಲಾಖೆಯ ದತ್ತಾಂಶದಲ್ಲಿ ಲಿಂಗ ಇರುತ್ತದೆ, ಆಧಾರ್ ಜೊತೆ ಜೋಡಿಸುವಾಗ ಹೆಸರು, ಹುಟ್ಟಿದ ದಿನ, ಲಿಂಗ ತಾಳೆಯಾಗಬೇಕು. ತಾಳೆಯಾಗದೆ ಜೋಡಣೆ ಬಿದ್ದುಹೋದರೆ ಪ್ಯಾನ್ ನಿಷ್ಕ್ರಿಯವಾಗಿ, ಸಂಬಳದಲ್ಲಿ ಹೆಚ್ಚಿನ ದರದಲ್ಲಿ ತೆರಿಗೆ ಕಡಿತವಾಗಬಹುದು. ಪ್ಯಾನ್ ಅರ್ಜಿಯಲ್ಲಿ ಟ್ರಾನ್ಸ್‌ಜೆಂಡರ್ ಎಂಬ ಆಯ್ಕೆ ಸೇರಿದ್ದು 2018ರಲ್ಲಿ. ಅದಕ್ಕೂ ಮೊದಲು ಆಧಾರ್‌ನಲ್ಲಿ ಮೂರನೇ ಆಯ್ಕೆ ಇದ್ದು ಪ್ಯಾನ್‌ನಲ್ಲಿ ಇಲ್ಲದೆ ಅನೇಕರು ಜೋಡಿಸಲಾಗದೆ ಉಳಿದಿದ್ದರು. ಪ್ಯಾನ್ ಸಂಖ್ಯೆ ಬದಲಾಗುವುದಿಲ್ಲ, ಹೊಸ ಕಾರ್ಡಿನಲ್ಲೂ ಅದೇ ಸಂಖ್ಯೆ. ಯಾವ ಕಾರಣಕ್ಕೂ ಹೊಸ ಹೆಸರಿನಲ್ಲಿ ಹೊಸ ಪ್ಯಾನ್‌ಗೆ ಅರ್ಜಿ ಹಾಕಬಾರದು. ಎರಡು ಪ್ಯಾನ್ ಇಟ್ಟುಕೊಳ್ಳುವುದಕ್ಕೆ ದಂಡವಿದೆ.

ನಂತರ ಬ್ಯಾಂಕ್. ಆಮೇಲೆ ಕಂಪನಿಯ ದಾಖಲೆ, ಅದರ ಬೆನ್ನಿಗೆ ಪಿಎಫ್. ಪಿಎಫ್‌ನಲ್ಲಿ ಹೆಸರು, ಲಿಂಗ ತಿದ್ದಲು ಕೆಲವರಿಗೆ ಉದ್ಯೋಗದಾತರ ಒಪ್ಪಿಗೆಯೂ ಸೇರಿದ ಜಂಟಿ ಘೋಷಣೆ ಬೇಕಾಗುತ್ತದೆ, ಹಾಗಾಗಿ ಹಿಂದೆ ಕೆಲಸ ಬಿಟ್ಟ ಕಂಪನಿಗಳ ಖಾತೆಗಳು ಉಳಿದಿದ್ದರೆ ಮೊದಲು ಅವನ್ನು ಈಗಿನ ಖಾತೆಗೆ ವರ್ಗಾಯಿಸಿಕೊಳ್ಳುವುದು ಒಳ್ಳೆಯದು. ಹಳೆಯ ಕಂಪನಿಗೆ ಹೋಗಿ ನಿಂತು ಕಥೆ ಹೇಳುವ ಮುಜುಗರ ಅಷ್ಟರ ಮಟ್ಟಿಗೆ ತಪ್ಪುತ್ತದೆ. ಮತದಾರರ ಪಟ್ಟಿಗೆ ನಮೂನೆ 8. ಪಡಿತರ ಚೀಟಿ, ಚಾಲನಾ ಪರವಾನಗಿ ಇವೆಲ್ಲ ಆಧಾರ್ ಹಿಡಿದು ಸಾಗುತ್ತವೆ, ಇವುಗಳಲ್ಲಿ ಯಾವುದು ಮೊದಲಾದರೂ ನಡೆಯುತ್ತದೆ.

ಪಾಸ್‌ಪೋರ್ಟ್ ಇದ್ದವರು ವೈಯಕ್ತಿಕ ವಿವರ ಬದಲಾವಣೆ ಎಂದು ಮರುವಿತರಣೆಗೆ ಅರ್ಜಿ ಹಾಕಬೇಕು. ಕಾಯ್ದೆಯ ನಿಯಮಗಳು ತಿದ್ದಿದ ದಾಖಲೆಯಲ್ಲೂ ಮೂಲ ಸಂಖ್ಯೆಯೇ ಇರಬೇಕು ಎನ್ನುತ್ತವೆ. ಪಾಸ್‌ಪೋರ್ಟ್‌ನಲ್ಲಿ ಇದು ನಡೆಯದು, ಪ್ರತಿ ಪುಸ್ತಕಕ್ಕೂ ಸಂಖ್ಯೆ ಬೇರೆಯೇ. ಹಳೆಯ ಸಂಖ್ಯೆ ಹೊಸದರ ಕೊನೆಯ ಪುಟದಲ್ಲಿ ಅಚ್ಚಾಗುತ್ತದೆ. ಹಳೆಯ ಪುಸ್ತಕದಲ್ಲಿ ಚಾಲ್ತಿ ವೀಸಾ ಇದ್ದರೆ ಮಾತ್ರ ಅವಸರ ಬೇಡ. ವೀಸಾದಲ್ಲಿ ಒಂದು ಲಿಂಗ, ಪಾಸ್‌ಪೋರ್ಟ್‌ನಲ್ಲಿ ಇನ್ನೊಂದು ಇದ್ದರೆ ಆ ದೇಶದ ರಾಯಭಾರ ಕಚೇರಿ ಏನು ಹೇಳುತ್ತದೆ ಎಂದು ಮೊದಲೇ ಬರವಣಿಗೆಯಲ್ಲಿ ಕೇಳಿಕೊಳ್ಳಬೇಕು. ಗಲ್ಫಿನಲ್ಲೋ ಅಮೆರಿಕದಲ್ಲೋ ಕೆಲಸದಲ್ಲಿರುವ ಕನ್ನಡಿಗರಿಗೆ ಇದು ಕೆಲಸವನ್ನೇ ಅಲ್ಲಾಡಿಸಬಲ್ಲ ವಿಷಯ.

ಈ ಇಡೀ ಓಡಾಟದಲ್ಲಿ ಒಂದು ಸೂತ್ರವನ್ನು ಬಿಡಬಾರದು. ಹಳೆಯ ಹೆಸರಿಗೂ ಹೊಸ ಹೆಸರಿಗೂ ಸೇತುವೆಯಾಗಿರುವ ಕಾಗದ ಸದಾ ಕೈಯಲ್ಲಿರಬೇಕು. ಎರಡೂ ಹೆಸರಿರುವ ಅಫಿಡವಿಟ್, ಎರಡೂ ಪ್ರಮಾಣಪತ್ರಗಳು, ಆಧಾರ್ ಜಾಲತಾಣದಲ್ಲಿ ಸಿಗುವ ತಿದ್ದುಪಡಿ ಇತಿಹಾಸದ ಪ್ರತಿ, ಇವೇ ಆ ಸೇತುವೆ. ಹಳೆಯ ಹೆಸರಿನ ಕಾಗದವನ್ನೆಲ್ಲ ಹರಿದು ಹಾಕಬೇಕು ಅನ್ನಿಸುವುದು ಅರ್ಥವಾಗುವಂಥದ್ದೇ. ಆದರೆ ಜಮೀನಿನ ಪಹಣಿಯಲ್ಲಿ ಪಾಲು, ತಂದೆಯ ವಿಮೆಯಲ್ಲಿ ನಾಮಿನಿ, ಹಳೆಯ ಎಲ್‌ಐಸಿ ಪಾಲಿಸಿ, ಇವೆಲ್ಲ ಹತ್ತು ವರ್ಷದ ನಂತರವೂ ಹಳೆಯ ಹೆಸರಿನಲ್ಲೇ ಎದುರಾಗುತ್ತವೆ. ಆಗ 'ಅದು ನಾನೇ' ಎಂದು ಸಾಬೀತುಪಡಿಸಲು ಬೇರೆ ಏನೂ ಇರುವುದಿಲ್ಲ.

ಮಾರ್ಕ್ಸ್ ಕಾರ್ಡ್ ಮತ್ತು ಜನನ ಪತ್ರ

ತರ್ಕದಲ್ಲಿ ಜನನ ಪತ್ರ ಮೊದಲಾಗಬೇಕು, ಉಳಿದದ್ದೆಲ್ಲ ಅದರಿಂದ ಹುಟ್ಟಿದ್ದಲ್ಲವೇ. ನಡೆಯುವುದು ತಿರುವುಮುರುವು. ಎಲ್ಲಕ್ಕಿಂತ ಕೊನೆಗೆ, ಎಲ್ಲಕ್ಕಿಂತ ಹೆಚ್ಚು ಕಾಡುವುದು ಇವೆರಡೇ.

ನಮ್ಮಲ್ಲಿ ಹಿಂದಿನ ತಲೆಮಾರಿನವರಿಗೆ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡೇ ಹುಟ್ಟಿದ ದಿನಾಂಕದ ಪುರಾವೆ. ಹೆಸರು ತಿದ್ದುವ ಅರ್ಜಿ ಬಂದರೆ ಪರೀಕ್ಷಾ ಮಂಡಳಿ ಸಾಮಾನ್ಯವಾಗಿ ಶಾಲೆಯ ದಾಖಲಾತಿ ವಹಿಯನ್ನು ನೋಡುತ್ತದೆ. ವಹಿಯಲ್ಲಿ ಇದ್ದದ್ದು ಮಾರ್ಕ್ಸ್ ಕಾರ್ಡಿನಲ್ಲಿ ತಪ್ಪಾಗಿ ಬಂದಿದ್ದರೆ ತಿದ್ದುತ್ತದೆ. ಆದರೆ ಇಲ್ಲಿ ವಹಿಯೂ ಹಳೆಯ ಹೆಸರನ್ನೇ ಹೇಳುತ್ತದೆ, ಅದು ಆಗಿನ ಮಟ್ಟಿಗೆ ತಪ್ಪೂ ಅಲ್ಲ. ಆದ್ದರಿಂದ ಅರ್ಜಿಯಲ್ಲಿ 'ತಪ್ಪು ತಿದ್ದುಪಡಿ' ಎಂದು ಬರೆಯದೆ, ಟ್ರಾನ್ಸ್‌ಜೆಂಡರ್ ಕಾಯ್ದೆಯಡಿ ದಾಖಲೆ ಬದಲಾವಣೆ ಎಂದೇ ಬರೆಯಬೇಕು. ಶಾಲೆ, ಮಂಡಳಿ, ವಿಶ್ವವಿದ್ಯಾಲಯಗಳ ಪ್ರಮಾಣಪತ್ರಗಳು ನಿಯಮಗಳ ಅನುಬಂಧದಲ್ಲಿರುವ ದಾಖಲೆಗಳ ಪಟ್ಟಿಯಲ್ಲಿ ಸೇರಿವೆ. ಅರ್ಜಿ ಬಂದ 15 ದಿನದಲ್ಲಿ ಬದಲಾಯಿಸಿಕೊಡಬೇಕು ಎಂದು ನಿಯಮ ಹೇಳಿದೆ. ಮೊದಲು ಎಸ್‌ಎಸ್‌ಎಲ್‌ಸಿ, ಅದು ಬಂದ ಮೇಲೆ ಪಿಯುಸಿ, ಆಮೇಲೆ ಪದವಿ. ಒಟ್ಟಿಗೆ ಹಾಕಿದರೆ ವಿಶ್ವವಿದ್ಯಾಲಯ ಹಿಂದಿನದನ್ನು ಕೇಳಿ ನಿಲ್ಲಿಸುತ್ತದೆ.

ಜನನ ಪತ್ರದ ಕಥೆ 2024ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟಿನಲ್ಲಿ ಒಂದು ಹಂತಕ್ಕೆ ಬಂತು. ತೀರ್ಪಿನಲ್ಲಿ ಅರ್ಜಿದಾರರ ಹೆಸರಿಲ್ಲ, 'ಮಿಸ್ ಎಕ್ಸ್' ಎಂದಷ್ಟೇ ಇದೆ. ಶಸ್ತ್ರಚಿಕಿತ್ಸೆಯ ನಂತರ ಅವರು ಆಧಾರ್, ಪಾಸ್‌ಪೋರ್ಟ್, ಚಾಲನಾ ಪರವಾನಗಿ ಎಲ್ಲ ಬದಲಿಸಿಕೊಂಡಿದ್ದರು. ಜನನ ಪತ್ರವನ್ನು ಮಾತ್ರ ನೋಂದಣಾಧಿಕಾರಿ ಬದಲಿಸಲಿಲ್ಲ. ಆ ಅಧಿಕಾರಿ ಆಧಾರವಾಗಿ ತೋರಿಸಿದ್ದು ಜನನ ಮರಣ ನೋಂದಣಿ ಕಾಯ್ದೆ, 1969ರ ಕಲಂ 15. ನಮೂದು ತಪ್ಪಾಗಿದ್ದರೆ ಅಥವಾ ಮೋಸದಿಂದ ಆಗಿದ್ದರೆ ಮಾತ್ರ ತಿದ್ದಬಹುದು ಎನ್ನುತ್ತದೆ ಆ ಕಲಂ. ಹುಟ್ಟಿದ ದಿನ ಬರೆದದ್ದು ಅಂದಿನ ಮಟ್ಟಿಗೆ ಸರಿಯೇ ಆಗಿತ್ತು, ಹಾಗಾಗಿ ತಿದ್ದಲು ತನಗೆ ಅಧಿಕಾರವಿಲ್ಲ ಎಂಬುದು ಅವರ ವಾದ. ಅಕ್ಷರಶಃ ನೋಡಿದರೆ ಆ ಅಧಿಕಾರಿ ಹೇಳಿದ್ದರಲ್ಲಿ ಹುರುಳಿತ್ತು. 1969ರಲ್ಲಿ ಕಾಯ್ದೆ ಬರೆದವರ ಕಲ್ಪನೆಗೆ ಇಂಥದ್ದು ಬಂದಿರಲಿಲ್ಲ.

ನ್ಯಾಯಮೂರ್ತಿ ಸೂರಜ್ ಗೋವಿಂದರಾಜ್ ಅವರು 2019ರ ವಿಶೇಷ ಕಾಯ್ದೆಗೆ ಬೆಲೆ ಕೊಡಲೇಬೇಕು ಎಂದರು. 1969ರ ಕಾಯ್ದೆಗೆ ಸೂಕ್ತ ತಿದ್ದುಪಡಿ ಆಗುವವರೆಗೆ, ಜಿಲ್ಲಾಧಿಕಾರಿಗಳ ಪ್ರಮಾಣಪತ್ರದೊಂದಿಗೆ ಬರುವ ಅರ್ಜಿಗಳನ್ನು ನೋಂದಣಾಧಿಕಾರಿಗಳು ಸ್ವೀಕರಿಸಬೇಕು, ಹಿಂದಿನ ಹೆಸರು ಮತ್ತು ಲಿಂಗ, ಈಗಿನ ಹೆಸರು ಮತ್ತು ಲಿಂಗ ಎರಡೂ ಇರುವ ಪತ್ರ ಕೊಡಬೇಕು ಎಂದು ಆದೇಶಿಸಿದರು. ಕಾಯ್ದೆಗೆ ಏನೇನು ತಿದ್ದುಪಡಿ ಬೇಕೆಂದು ಪರಿಶೀಲಿಸಲು ರಾಜ್ಯ ಕಾನೂನು ಆಯೋಗವನ್ನೂ ಕೋರಿದರು.

ಎರಡೂ ಹೆಸರು ಅಚ್ಚಾಗುವುದು ಒಂದು ದೃಷ್ಟಿಯಿಂದ ವರ. ಮೇಲೆ ಹೇಳಿದ ಸೇತುವೆಯ ಕಾಗದ ಇದೇ ಆಗುತ್ತದೆ. ಆದರೆ ಆ ಪತ್ರ ಯಾರ ಕೈಗೆ ಹೋದರೂ ನಿಮ್ಮ ಕಥೆ ಪೂರ್ತಿ ಹೋಗುತ್ತದೆ. ಹಾಗಾಗಿ ಬೇರೆ ಪುರಾವೆ ಸಾಕಾಗುವ ಕಡೆ ಅದನ್ನು ಹೊರತೆಗೆಯದಿರುವುದೇ ಲೇಸು. 2023ರ ಅಕ್ಟೋಬರ್ 1ರಂದು ಅಥವಾ ಆನಂತರ ಹುಟ್ಟಿದವರಿಗೆ ಶಾಲೆಯಿಂದ ಪಾಸ್‌ಪೋರ್ಟ್‌ವರೆಗೆ ಎಲ್ಲದಕ್ಕೂ ಜನನ ಪತ್ರವೇ ಆಧಾರ. ಆ ಮಕ್ಕಳು ದೊಡ್ಡವರಾಗುವ ಹೊತ್ತಿಗೆ ಈ ವ್ಯವಸ್ಥೆ ಹೀಗೆಯೇ ಉಳಿದರೆ ಮರೆಮಾಡಲು ಅವರಿಗೆ ದಾರಿಯೇ ಇರುವುದಿಲ್ಲ. ತಾತ್ಕಾಲಿಕ ಎಂದು ಕೋರ್ಟ್ ಹೇಳಿದ್ದು ಕಾಯಂ ಆಗದಂತೆ ನೋಡಿಕೊಳ್ಳಬೇಕಾದವರು ಶಾಸನ ಮಾಡುವವರು.

ನಮ್ಮ ಉದಾಹರಣೆಯ ಮಹಿಳೆ ಇದಕ್ಕಾಗಿ ಹುಟ್ಟಿದ ಊರಿಗೇ ಹೋಗಬೇಕು. ಬೆಂಗಳೂರಿನ ಕಚೇರಿಗೆ ಈ ಅಧಿಕಾರವಿಲ್ಲ. ಹಳ್ಳಿಯ ವಹಿ ಯಾವ ನೋಂದಣಾಧಿಕಾರಿಯ ಬಳಿ ಇದೆ ಎಂದು ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿಕೊಂಡೇ ಹೊರಡುವುದು ಒಳಿತು.

ಸ್ವಂತ ಘೋಷಣೆ ಎಷ್ಟು ಸಾಕು, ವೈದ್ಯರ ಮಾತು ಎಷ್ಟು ಬೇಕು ಎಂಬ ಬಗ್ಗೆ ಈ ಕಾಯ್ದೆಯ ಸುತ್ತ ಜಗ್ಗಾಟ ಇನ್ನೂ ನಿಂತಿಲ್ಲ. ಕಾನೂನು ಬದಲಾದಾಗ ಮೊದಲು ಬದಲಾಗುವುದೂ ಆ ಭಾಗವೇ. ಆದ್ದರಿಂದ ಗೆಳೆಯರು ಎರಡು ವರ್ಷದ ಹಿಂದೆ ಬಳಸಿದ ನಮೂನೆಯನ್ನೇ ನಕಲು ಮಾಡದೆ, ಅರ್ಜಿ ಹಾಕುವ ದಿನ ಪೋರ್ಟಲ್‌ನಲ್ಲಿ ಇರುವುದನ್ನೇ ಇಳಿಸಿಕೊಳ್ಳಿ. ಯಾವ ಕಚೇರಿಯಾದರೂ ಆಗುವುದಿಲ್ಲ ಎಂದರೆ ಬಾಯಿಮಾತಿಗೆ ವಾಪಸು ಬರಬೇಡಿ, ಕಾರಣ ಬರೆದ ಹಿಂಬರಹ ಕೇಳಿ ಪಡೆಯಿರಿ. ಮೇಲ್ಮನವಿಗೂ ರಿಟ್ ಅರ್ಜಿಗೂ ಲೆಕ್ಕಕ್ಕೆ ಬರುವುದು ಆ ಹಿಂಬರಹ.